‘ಹಾಯ್’ ಬದಲು ನಗಾರಿ ಕಲ್ಲು

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ. ಡೇಟಿಂಗ್ ಆ್ಯಪ್‌ನಲ್ಲಿ ಮ್ಯಾಚ್ ಆಗುತ್ತೆ, ‘ಹಾಯ್’ ಅಂತೀನಿ, ಅಲ್ಲಿಗೆ ಮುಗೀತು. ಹವ್ಯಾಸದ ಬಗ್ಗೆ ಬರಿ ಅಂದ ಗೆಳೆಯ. ‘ನಂಗೂ ಟ್ರೆಕ್ಕಿಂಗ್ ಇಷ್ಟ’ ಅಂತ ಇಬ್ಬರಿಗೆ ಬರೆದೆ, ಉತ್ತರ ಇಲ್ಲ. ಈಗ ಕೊಪ್ಪಳದವರೊಬ್ಬರು ಮ್ಯಾಚ್ ಆಗಿದ್ದಾರೆ. ಅವರ ಫೋಟೋದಲ್ಲಿ ಹಿರೇಬೆಣಕಲ್ ಗುಡ್ಡ ಇದೆ. ನಾನೂ ಎರಡು ಸಲ ಹತ್ತಿದ್ದೀನಿ. ಏನಂತ ಬರೀಲಿ? ಇಂಗ್ಲಿಷ್‌ನಲ್ಲಾ, ಕನ್ನಡದಲ್ಲಾ? ನಾನು ಬರೆದಿಟ್ಟ ಮೂರು ಮೆಸೇಜ್ ಜೊತೆಗೆ ಕಳಿಸಿದ್ದೀನಿ, ಇನ್ನೂ ಅವರಿಗೆ ಕಳಿಸಿಲ್ಲ.

ಉತ್ತರ: ಕಳಿಸದೆ ಕೇಳಿದ್ದು ಒಳ್ಳೆಯದಾಯಿತು. ಮೂರರಲ್ಲಿ ಒಂದನ್ನು ಕಳಿಸಿದ್ದರಂತೂ ಅವರು ನಿಮ್ಮನ್ನು ಬ್ಲಾಕ್ ಮಾಡುತ್ತಿದ್ದರು. ಅದು ಯಾವುದು ಅಂತ ಆಮೇಲೆ ಹೇಳುತ್ತೇನೆ.

ಮೊದಲು ಆ ಕಡೆಯ ಮೊಬೈಲ್ ನೋಡೋಣ. ಆ್ಯಪ್ ತೆರೆದರೆ ಅವರಿಗೆ ಕಾಣೋದು ಒಂದು ಪಟ್ಟಿ. ಗುಂಡಗಿನ ಸಣ್ಣ ಫೋಟೋ, ಪಕ್ಕದಲ್ಲಿ ಹೆಸರು, ಅದರ ಕೆಳಗೆ ಮೆಸೇಜಿನ ಮೊದಲ ಸಾಲು. ಬಳ್ಳಾರಿಯಲ್ಲಿ ನನ್ನ ಹತ್ತಿರ ಮಾತಾಡಲು ಬರುವ ಹುಡುಗಿಯರಲ್ಲಿ ಕೆಲವರು ಈ ಪಟ್ಟಿ ತೋರಿಸಿದ್ದಾರೆ. ಹಾಯ್, ಹಾಯ್, ಹೆಲೋ, ಹಾಯ್ ಡಿಯರ್, ಊಟ ಆಯ್ತಾ, ಹಾಯ್. ಅದರಲ್ಲಿ ಒಬ್ಬ ಒಳ್ಳೆಯ ಹುಡುಗ ಇರಬಹುದು. ಇದ್ದರೂ ಗೊತ್ತಾಗೋದು ಹೇಗೆ? ಬರೀ ‘ಹಾಯ್’ ಅಂದರೆ ಮಾತು ಶುರು ಮಾಡುವ ಕೆಲಸವನ್ನು ಪೂರ್ತಿ ಅವರ ತಲೆಗೆ ಹಾಕಿದ ಹಾಗೆ. ಅವರು ‘ಹಾಯ್’ ಅಂತ ತಿರುಗಿ ಹೇಳಬೇಕು, ನೀವು ‘ಹೇಗಿದ್ದೀರಾ’ ಅನ್ನಬೇಕು, ಅವರು ‘ಚೆನ್ನಾಗಿದ್ದೀನಿ’ ಅನ್ನಬೇಕು. ನಾಲ್ಕು ಮೆಸೇಜ್ ಆದರೂ ಏನೂ ಆಗಿರುವುದಿಲ್ಲ.

ಇದಕ್ಕೆ ಒಂದು ಹಳೆಯ ಲೆಕ್ಕವೂ ಇದೆ. ಅಮೆರಿಕದ ಓಕೆಕ್ಯುಪಿಡ್ ಡೇಟಿಂಗ್ ಸೈಟಿನವರು 2009 ರಲ್ಲಿ ತಮ್ಮಲ್ಲಿನ 5 ಲಕ್ಷಕ್ಕೂ ಹೆಚ್ಚು ಮೊದಲ ಮೆಸೇಜುಗಳನ್ನು ಜಾಲಾಡಿ, ಯಾವ ಪದ ಇದ್ದರೆ ಉತ್ತರ ಜಾಸ್ತಿ ಬರುತ್ತೆ ಅಂತ ನೋಡಿದರು. ಹಾಯ್, ಹೆಲೋ ಹಿಂದೆ ಬಿದ್ದವು. ರೂಪ ಹೊಗಳಿದ ಮಾತುಗಳೂ ಹಿಂದೆ ಬಿದ್ದವು. ‘ನೀವು ಇದನ್ನು ಬರೆದಿದ್ದೀರಿ’, ‘ಇದನ್ನು ಗಮನಿಸಿದೆ’ ಅನ್ನುವಂಥ ಮಾತುಗಳಿಗೆ ಉತ್ತರ ಚೆನ್ನಾಗಿ ಬಂತು. ಅದು ಬೇರೆ ದೇಶ, ಬೇರೆ ಕಾಲ. ಆ ಸೈಟಿನಲ್ಲಿ ಆಗ ಯಾರು ಯಾರಿಗೆ ಬೇಕಾದರೂ ಬರೆಯಬಹುದಿತ್ತು, ಮ್ಯಾಚ್ ಆಗಲೇಬೇಕು ಅಂತಿರಲಿಲ್ಲ. ಅದನ್ನು ಇಲ್ಲಿಗೆ ಹಾಗೇ ತಂದು ಅಂಟಿಸಲು ಬರುವುದಿಲ್ಲ. ಆದರೆ ನಾನು ನೋಡುವ ಪಟ್ಟಿಗಳಲ್ಲೂ ಗಾಳಿ ಅದೇ ಕಡೆ ಬೀಸುತ್ತದೆ.

ಹಾಗಾದರೆ ‘ನಂಗೂ ಟ್ರೆಕ್ಕಿಂಗ್ ಇಷ್ಟ’ ಯಾಕೆ ಕೆಲಸ ಮಾಡಲಿಲ್ಲ? ಅದರಲ್ಲಿ ಹವ್ಯಾಸ ಇದೆಯಲ್ಲ ಅಂತ ನಿಮಗೆ ಅನಿಸಿರಬೇಕು. ಹವ್ಯಾಸದ ಹೆಸರು ಇದೆ, ಅಷ್ಟೇ. ಟ್ರೆಕ್ಕಿಂಗ್, ಮ್ಯೂಸಿಕ್, ಟ್ರಾವೆಲ್ ಈ ಮೂರು ಇಲ್ಲದ ಪ್ರೊಫೈಲ್ ಹುಡುಕೋದೇ ಕಷ್ಟ. ಮೇಲಾಗಿ ಅದು ನಿಮ್ಮ ಬಗ್ಗೆ ಹೇಳಿ ಮುಗಿಸಿದ ಮಾತು. ಅದಕ್ಕೆ ‘ಓ, ನೈಸ್’ ಅನ್ನಬಹುದು, ಬೇರೇನೂ ತೋಚುವುದಿಲ್ಲ. ಹವ್ಯಾಸದ ಮಾತು ಫಲ ಕೊಡುವುದು ಎರಡು ಕಾರಣಕ್ಕೆ. ನೀವು ಅವರ ಪ್ರೊಫೈಲಿನಲ್ಲಿ ಒಂದು ಸಣ್ಣ ವಸ್ತುವನ್ನು ನಿಜವಾಗಿ ನೋಡಿದ್ದೀರಿ ಅಂತ ಅದು ತೋರಿಸಬೇಕು. ಜೊತೆಗೆ ಹತ್ತು ಸೆಕೆಂಡಿನಲ್ಲಿ, ಬಸ್ಸಿನಲ್ಲಿ ನಿಂತುಕೊಂಡೇ ಉತ್ತರ ಕೊಡುವಂಥ ಒಂದು ಪ್ರಶ್ನೆ ಅವರ ಕೈಗೆ ಬರಬೇಕು. ಎರಡರಲ್ಲಿ ಒಂದು ತಪ್ಪಿದರೂ ಅದು ಉದ್ದನೆಯ ‘ಹಾಯ್’ ಅಷ್ಟೇ.

ಈಗ ಆ ಫೋಟೋಗೆ ಬರೋಣ. ನೀವು ಬರೆದ ಪ್ರಕಾರ ಮೂರನೇ ಫೋಟೋದಲ್ಲಿ ಅವರು ಒಂದು ಕಲ್ಲುಚಪ್ಪಡಿಯ ಪಕ್ಕ ನಿಂತಿದ್ದಾರೆ. ಚಪ್ಪಡಿಯಲ್ಲಿ ಗುಂಡಗಿನ ಒಂದು ಕಿಂಡಿ. ಕೆಳಗೆ ಯಾವ ಊರಿನ ಹೆಸರೂ ಇಲ್ಲ. ಆದರೆ ಹಿರೇಬೆಣಕಲ್‌ನ ಮೊರೇರ ಗುಡ್ಡ ಹತ್ತಿದವರಿಗೆ ಆ ಕಿಂಡಿ ಕಂಡ ತಕ್ಷಣ ಗುರುತು ಸಿಗುತ್ತದೆ, ಅಲ್ವಾ? ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಕಲ್ಲಿನ ಗೂಡುಗಳು. ಊರಿನವರು ಮೊರೇರ ಮನೆ ಅನ್ನುತ್ತಾರೆ. ನಿಜಕ್ಕೂ ಅವು ಬೃಹತ್ ಶಿಲಾಯುಗದವರು ಸತ್ತವರಿಗಾಗಿ ಕಟ್ಟಿದವು. ಅಲ್ಲಿ ಅಂಥವು ಸುಮಾರು 400 ಇವೆ ಅಂತ ಲೆಕ್ಕ. ಗೋರಿಗಳ ಸಾಲಿನಿಂದ ಪ್ರೇಮದ ಮಾತು ಶುರು ಮಾಡುವ ಭಾಗ್ಯ ಕೊಪ್ಪಳ ಜಿಲ್ಲೆಯವರಿಗೆ ಮಾತ್ರ ಇರಬೇಕು. ನಗಬೇಡಿ, ‘ಟ್ರೆಕ್ಕಿಂಗ್’ ಅನ್ನುವ ಪದಕ್ಕಿಂತ ಇದು ಎಷ್ಟೋ ಮೇಲು.

ನಿಮ್ಮ ಮೊದಲ ಮೆಸೇಜ್ ಹೀಗಿದೆ: ‘ಹಾಯ್, ಹೇಗಿದ್ದೀರಾ? ನಿಮ್ಮ ಪ್ರೊಫೈಲ್ ನೋಡಿದೆ, ತುಂಬಾ ಇಷ್ಟ ಆಯ್ತು. ಹಿರೇಬೆಣಕಲ್ ಸೂಪರ್ ಪ್ಲೇಸ್.’ ಇದರಲ್ಲಿ ತಪ್ಪು ಅನ್ನುವಂಥದ್ದು ಇಲ್ಲ. ಆದರೆ ಪಟ್ಟಿಯಲ್ಲಿ ಕಾಣೋದು ಮೊದಲ ಸಾಲು ಮಾತ್ರ ಅಂತ ಹೇಳಿದೆನಲ್ಲ? ಅಲ್ಲಿ ‘ಹಾಯ್, ಹೇಗಿದ್ದೀರಾ, ನಿಮ್ಮ ಪ್ರೊಫೈಲ್’ ಅಂತ ಬಂದು ನಿಲ್ಲುತ್ತದೆ. ಗುಡ್ಡದ ಹೆಸರು ಕತ್ತರಿಸಿ ಹೋಯಿತು. ಇದ್ದ ಒಂದೇ ಒಡವೆಯನ್ನು ಸೆರಗಿನ ಒಳಗೆ ಬಚ್ಚಿಟ್ಟ ಹಾಗಾಯಿತು.

ಎರಡನೆಯದು ಹತ್ತು ಸಾಲಿದೆ. ಬ್ರಿಟಿಷ್ ಕಾಲದ ಅಧಿಕಾರಿ ಮೆಡೋಸ್ ಟೇಲರ್ ಈ ಜಾಗದ ಬಗ್ಗೆ ಬರೆದದ್ದು, 2021 ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ್ದು, ಕೊನೆಗೆ ‘ನಿಮಗೆ ಇದೆಲ್ಲಾ ಗೊತ್ತಿತ್ತಾ?’ ಅನ್ನೋ ಪ್ರಶ್ನೆ. ನಿಮ್ಮ ಓದು ಮೆಚ್ಚಿದೆ. ಆದರೆ ಆ ಪ್ರಶ್ನೆ ಮಾಸ್ತರು ಕೇಳುವ ಪ್ರಶ್ನೆ. ‘ಗೊತ್ತಿತ್ತು’ ಅಂದರೂ ಮಾತು ಮುಗೀತು, ‘ಗೊತ್ತಿರಲಿಲ್ಲ’ ಅಂದರೆ ಅವರು ದಡ್ಡರಾದರು. ಹವ್ಯಾಸ ಒಂದೇ ಇದ್ದವರು ಬೀಳುವ ದೊಡ್ಡ ಹಳ್ಳ ಇದೇ. ಗೊತ್ತಿರುವುದನ್ನೆಲ್ಲಾ ಒಂದೇ ಸಲ ಸುರಿದುಬಿಡುತ್ತಾರೆ. ಇತಿಹಾಸ ಎಲ್ಲೂ ಓಡಿಹೋಗುವುದಿಲ್ಲ. ಮೂರು ಸಾವಿರ ವರ್ಷ ಕಾದ ಕಲ್ಲುಗಳು ಇನ್ನೂ ಎರಡು ದಿನ ಕಾಯುತ್ತವೆ.

ಮೂರನೆಯದೇ ಅಪಾಯದ್ದು. ‘ಕೊರಳಿನ ಟ್ಯಾಗ್ ನೋಡಿದ್ರೆ ಬ್ಯಾಂಕ್‌ನಲ್ಲಿ ಇದ್ದೀರಾ ಅನ್ಸುತ್ತೆ, ಸ್ಕೂಟಿ ಕೆಎ 37, ಮನೆ ಯಾವ ಏರಿಯಾ? ಹಿರೇಬೆಣಕಲ್‌ಗೆ ಯಾರ ಜೊತೆ ಹೋಗಿದ್ರಿ?’ ನೀವು ಗಮನ ಕೊಟ್ಟು ನೋಡಿದ್ದೀರಿ, ನಿಜ. ಆದರೆ ನೋಡಬಾರದ್ದನ್ನು ನೋಡಿದ್ದೀರಿ. ಬೆಂಗಳೂರಿನಲ್ಲಾದರೆ ಇಂಥ ಮಾತು ಬರೀ ಕಿರಿಕಿರಿ. ಕೊಪ್ಪಳ ಸಣ್ಣ ಊರು. ಸ್ಕೂಟಿ ನಂಬರ್, ಕೆಲಸದ ಜಾಗ ಎರಡೂ ಸಿಕ್ಕರೆ ಮನೆ ಹುಡುಕೋದು ಸಂಜೆಯೊಳಗಿನ ಕೆಲಸ. ಹೆಚ್ಚಿನ ಹುಡುಗಿಯರು ಈ ಆ್ಯಪ್‌ನಲ್ಲಿ ಇರೋದು ಮನೆಯಲ್ಲಿ ಗೊತ್ತೇ ಇರುವುದಿಲ್ಲ. ಅವರು ಇದನ್ನು ಓದಿದ ಕೂಡಲೇ ಎದೆ ಧಸಕ್ ಅನ್ನುತ್ತದೆ. ಗೆರೆ ಎಲ್ಲಿದೆ ಅಂತ ನೀವು ಕೇಳಬಹುದು. ಅವರು ತೋರಿಸಬೇಕು ಅಂತ ಹಾಕಿದ್ದನ್ನು ಮಾತಾಡಿ. ಕಲ್ಲಿನ ಪಕ್ಕ ನಿಂತು ಪೋಸ್ ಕೊಟ್ಟಿದ್ದಾರೆ, ಅದು ತೋರಿಸಲು. ಸ್ಕೂಟಿಯ ನಂಬರ್ ಪ್ಲೇಟ್ ಫೋಟೋದಲ್ಲಿ ತಾನಾಗಿ ಬಂದುಬಿಟ್ಟಿದೆ, ಅದು ಕಾಣಲೇ ಇಲ್ಲ ಅಂದುಕೊಳ್ಳಿ. ‘ಯಾರ ಜೊತೆ’ ಅನ್ನುವ ಪ್ರಶ್ನೆಯನ್ನಂತೂ ಆರನೇ ದಿನವೂ ಕೇಳಬೇಡಿ.

ಈಗ ಹೊಸದಾಗಿ ಬರೆಯೋಣ. ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲು ಇತ್ತು. ಎರಡು ಸಲ ಹೋದರೂ ನಗಾರಿ ಕಲ್ಲು ಸಿಗಲಿಲ್ಲ, ಬಿಸಿಲು ಏರಿತು, ಜಾಲಿ ಮುಳ್ಳಿನಲ್ಲಿ ಪ್ಯಾಂಟ್ ಹರೀತು ಅಂತ. ಮೂರು ಮೆಸೇಜಿನಲ್ಲೂ ಅದು ಇಲ್ಲ! ನಿಮ್ಮ ಹತ್ತಿರ ಇದ್ದ ಅತ್ಯಂತ ಒಳ್ಳೆಯ ಸರಕು ಅದೇ. ಓದುವ ಬೇರೆಯವರಿಗೂ ಹೇಳಿಬಿಡುತ್ತೇನೆ: ಆ ಗುಡ್ಡದ ಮೇಲೆ ಒಂದು ಎತ್ತರದ ಬಂಡೆ, ಅದರ ತಲೆಯ ಮೇಲೆ ಅರ್ಧ ಗೋಳದಂಥ ಇನ್ನೊಂದು ದೊಡ್ಡ ಕಲ್ಲು. ಕೈಯಲ್ಲಿ ಹಿಡಿದ ಕಲ್ಲಿನಿಂದ ಬಡಿದರೆ ನಗಾರಿ ಬಾರಿಸಿದ ಹಾಗೆ ದೂರದವರೆಗೂ ಕೇಳುತ್ತದೆ. ದಾರಿ ಗೊತ್ತಿಲ್ಲದವರು ಪಕ್ಕದಲ್ಲೇ ಹಾದು ಹೋಗಿಬಿಡುತ್ತಾರೆ.

ನನ್ನ ಪ್ರಕಾರ ಮೆಸೇಜ್ ಇಷ್ಟೇ:

‘ಆ ಕಿಂಡಿ ಕಲ್ಲು ಮೊರೇರ ಗುಡ್ಡದ್ದಲ್ವಾ? ನಾನು ಎರಡು ಸಲ ಹೋದ್ರೂ ನಗಾರಿ ಕಲ್ಲು ಸಿಗ್ಲೇ ಇಲ್ಲ, ಪ್ಯಾಂಟ್ ಹರ್ಕೊಂಡು ಬಂದೆ. ನಿಮಗೆ ಸಿಕ್ತಾ?’

ನಿಧಾನವಾಗಿ ನೋಡಿ. ಮೊದಲ ಸಾಲಿನಲ್ಲೇ ‘ಕಿಂಡಿ ಕಲ್ಲು’ ಬಂತು. ಪಟ್ಟಿಯಲ್ಲಿ ಹತ್ತು ‘ಹಾಯ್’ಗಳ ನಡುವೆ ಈ ಎರಡು ಪದ ಕಂಡರೆ ಬೆರಳು ನಿಲ್ಲುತ್ತದೆ. ಎರಡನೇ ವಾಕ್ಯದಲ್ಲಿ ನೀವು ಇದ್ದೀರಿ, ಅದೂ ಸೋತವರಾಗಿ. ಹೊಗಳಿಕೊಂಡಿಲ್ಲ, ಸುಳ್ಳು ಹೇಳಿಲ್ಲ, ನಿಜವಾಗಿ ಗುಡ್ಡ ಹತ್ತಿದ್ದೀರಿ ಅನ್ನುವುದಕ್ಕೆ ಹರಿದ ಪ್ಯಾಂಟೇ ಸಾಕ್ಷಿ. ಕೊನೆಯದು ಸಣ್ಣ ಪ್ರಶ್ನೆ. ಸಿಕ್ತು ಅಂದರೂ ಕಥೆ ಇದೆ, ಸಿಗಲಿಲ್ಲ ಅಂದರೂ ಇಬ್ಬರೂ ಒಂದೇ ದೋಣಿಯಲ್ಲಿ. ಅಂಥ ಕಲ್ಲು ಇದೆ ಅಂತಲೇ ಗೊತ್ತಿರಲಿಲ್ಲ ಅಂದರೆ ‘ಏನದು?’ ಅಂತ ಅವರೇ ಕೇಳುತ್ತಾರೆ. ಮಾಸ್ತರ ಪ್ರಶ್ನೆಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ಉತ್ತರ ನಿಮಗೆ ಗೊತ್ತಿಲ್ಲ.

‘ನೀವು’ ಅಂತಲೇ ಬರೆಯಿರಿ. ನಮ್ಮ ಕಡೆ ‘ನೀ’ ಅಂದರೆ ಒಂದೋ ಮನೆಯವರು, ಇಲ್ಲಾ ಜಗಳ. ಅದು ತಾನಾಗಿ ಬರಬೇಕು, ಬಂದಾಗ ಇಬ್ಬರಿಗೂ ಗೊತ್ತಾಗುತ್ತೆ.

ಈ ಮೆಸೇಜನ್ನೇ ಇನ್ನೊಬ್ಬರಿಗೆ ಕಳಿಸಬಹುದಾ? ಬೇಡ. ದೊಡ್ಡ ನಗರದಲ್ಲಿ ಒಂದೇ ಸಾಲನ್ನು ಐವತ್ತು ಜನಕ್ಕೆ ಕಳಿಸಿ ದಕ್ಕಿಸಿಕೊಳ್ಳಬಹುದು. ಇಲ್ಲಿ ಆಗುವುದಿಲ್ಲ. ಒಂದು ಸಲ ಒಂದೇ ಹಾಸ್ಟೆಲ್ ರೂಮಿನ ಇಬ್ಬರು ನನ್ನ ಮುಂದೆ ಫೋನ್ ಪಕ್ಕಪಕ್ಕ ಇಟ್ಟು ತೋರಿಸಿದರು. ಒಬ್ಬನೇ ಹುಡುಗ, ಒಂದೇ ರಾತ್ರಿ, ಅಕ್ಷರ ಅಕ್ಷರ ಅದೇ ಮಾತು. ಹೆಸರು ಕೂಡ ಬದಲಾಗಿರಲಿಲ್ಲ, ಒಬ್ಬಳಿಗೆ ಇನ್ನೊಬ್ಬಳ ಹೆಸರೇ ಹೋಗಿತ್ತು. ಅವನ ಮೆಸೇಜ್ ಚೆನ್ನಾಗಿಯೇ ಇತ್ತು, ಪಾಪ. ಇಲ್ಲದ ಹವ್ಯಾಸವನ್ನು ಇದೆ ಅನ್ನೋದೂ ಇದೇ ಜಾತಿಯ ತಪ್ಪು. ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತೆ. ಗುಡ್ಡ ಹತ್ತದವರು ‘ನಾನು ಇನ್ನೂ ಹೋಗಿಲ್ಲ, ಹತ್ತಲು ಎಷ್ಟು ಹೊತ್ತು ಬೇಕು?’ ಅಂತ ಕೇಳಬಹುದು. ಅದೂ ಒಳ್ಳೆಯ ಮೊದಲ ಮಾತೇ.

ಇನ್ನು ಉತ್ತರ ಬಂದ ಮೇಲೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಅವರು ‘ಹೌದು, ಅಲ್ಲೇ! ನಗಾರಿ ಕಲ್ಲು ಸಿಕ್ತು, ಆದ್ರೆ ಮೇಲೆ ಹತ್ತೋಕೆ ಭಯ ಆಯ್ತು’ ಅಂದರು ಅಂತ ಇಟ್ಟುಕೊಳ್ಳಿ. ನಿಮ್ಮ ಕೈ ತಕ್ಷಣ ‘ಓ ಸೂಪರ್. ನಿಮಗೆ ಇನ್ನೇನು ಹಾಬಿ ಇದೆ?’ ಅಂತ ಬರೆಯಲು ಹೋಗುತ್ತದೆ. ತಡೆಯಿರಿ. ಅವರು ಭಯದ ಮಾತು ಹೇಳಿದರು, ನೀವು ಕೇಳಲೇ ಇಲ್ಲ ಅಂತಾಯಿತು. ‘ಹೌದಾ, ಕೆಳಗಿನಿಂದ ಬಡಿಯೋಕೆ ಆಗಲ್ವಾ?’ ಅನ್ನಿ. ಅವರು ಕೊಟ್ಟ ಎಳೆಯನ್ನೇ ಹಿಡಿದು ಮುಂದಿನದನ್ನು ಕೇಳೋದು. ಹಾರ್ವರ್ಡ್‌ನ ಸಂಶೋಧಕರು 2017 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ನೋಡಿದ್ದರು. ಪ್ರಶ್ನೆ ಕೇಳುವವರನ್ನು ಎದುರಿನವರು ಹೆಚ್ಚು ಮೆಚ್ಚುತ್ತಾರೆ, ಅದರಲ್ಲೂ ಹೇಳಿದ ಮಾತಿನ ಮೇಲೆಯೇ ಮುಂದಿನ ಪ್ರಶ್ನೆ ಕೇಳುವವರನ್ನು. ಎರಡನೇ ಭೇಟಿಗೆ ಒಪ್ಪಿಗೆ ಸಿಕ್ಕಿದ್ದೂ ಅಂಥವರಿಗೇ ಜಾಸ್ತಿ. ವಿಷಯ ಬದಲಿಸುವ ಪ್ರಶ್ನೆಗೆ ಆ ಬಲ ಇರಲಿಲ್ಲ. ಆದರೂ ಸಾಲಾಗಿ ಐದು ಪ್ರಶ್ನೆ ಕೇಳಿದರೆ ಅದು ಪೊಲೀಸ್ ಠಾಣೆ. ಎರಡು ಕೇಳಿ, ಒಂದು ನಿಮ್ಮದು ಹೇಳಿ.

ಬರೀ ‘ಹೌದು’ ಅಂತ ಬಂದರೆ? ಅವರು ಕೆಲಸದಲ್ಲಿರಬಹುದು, ಮನಸ್ಸಿಲ್ಲದೆಯೂ ಇರಬಹುದು. ಮೇಲೆ ಸಿಗುವ ಕೆರೆಯನ್ನೋ ಬಂಡೆಯ ಕೆಳಗಿನ ಕೆಂಪು ಬಣ್ಣದ ಚಿತ್ರಗಳನ್ನೋ ಹಿಡಿದು ಇನ್ನೊಂದು ಸಲ ಪ್ರಯತ್ನ ಮಾಡಿ. ಮತ್ತೂ ಒಂದೇ ಪದ ಬಂದರೆ ಬಿಟ್ಟುಬಿಡಿ. ಉತ್ತರವೇ ಬರದಿದ್ದರೆ ಎರಡನೇ ಮೆಸೇಜ್ ಹಾಕಬೇಡಿ. ‘??’ ಅಂತೂ ಬೇಡವೇ ಬೇಡ. ಒಳ್ಳೆಯ ಮೆಸೇಜಿಗೂ ಎಷ್ಟೋ ಸಲ ಉತ್ತರ ಬರುವುದಿಲ್ಲ. ಅವರು ಆ್ಯಪ್ ತೆರೆದೇ ಇಲ್ಲದಿರಬಹುದು, ಮನೆಯವರು ಬೇರೆ ಕಡೆ ಮದುವೆ ಗೊತ್ತು ಮಾಡಿರಬಹುದು.

ಇದೇ ಪ್ರಶ್ನೆ ಮೋಸದಿಂದ ನಿಮ್ಮನ್ನೂ ಕಾಪಾಡುತ್ತದೆ. ನಿಜವಾಗಿ ಗುಡ್ಡ ಹತ್ತಿದವರ ಉತ್ತರದಲ್ಲಿ ಬಿಸಿಲು, ಮುಳ್ಳು, ಭಯ, ಏನಾದರೂ ಒಂದು ಇರುತ್ತದೆ. ‘ಯಸ್ ಡಿಯರ್, ಐ ಲವ್ ನೇಚರ್, ವಾಟ್ಸ್‌ಆ್ಯಪ್ ನಂಬರ್ ಕೊಡಿ’ ಅಂತ ಬಂದರೆ ಹುಷಾರು. ಆಮೇಲೆ ದುಡ್ಡು ಹಾಕುವ ಸ್ಕೀಮಿನ ಮಾತು ಬಂದರಂತೂ ಅದು ಯಾರೋ ಕದ್ದ ಫೋಟೋ ಇಟ್ಟುಕೊಂಡು ಕೂತವರ ಕೆಲಸ. ನಮ್ಮ ಕಡೆ ಇನ್ನೊಂದು ಬಗೆಯೂ ಇದೆ, ಅದರಲ್ಲಿ ಮೋಸ ಇಲ್ಲ. ಆನೆಗೊಂದಿ, ಸಾಣಾಪುರಕ್ಕೆ ಬಂದ ಪ್ರವಾಸಿಗಳು. ಇವತ್ತು ಹತ್ತಿರದಲ್ಲೇ ಇದ್ದಾರೆ ಅಂತ ಆ್ಯಪ್ ತೋರಿಸುತ್ತೆ, ಸೋಮವಾರ ನೋಡಿದರೆ ಮುನ್ನೂರು ಕಿಲೋಮೀಟರ್. ನಿಮ್ಮವರು ಕೊಪ್ಪಳದವರು ಅಂತ ಅವರೇ ಬರೆದುಕೊಂಡಿರುವುದರಿಂದ ಆ ಚಿಂತೆ ಇಲ್ಲ.

ನೀವು ಯಾವ ಆ್ಯಪ್ ಅಂತ ಹೇಳಿಲ್ಲ. ಮ್ಯಾಚ್ ಆದ ಮೇಲೆ ನೀವೇ ಮೊದಲು ಬರೆಯುತ್ತಿದ್ದೀರಿ ಅಂದರೆ ಟಿಂಡರ್ ಥರದ್ದು ಇರಬೇಕು. ಹಿಂಜ್‌ನಲ್ಲಿ ಆ ಒಂದು ಫೋಟೋಗೇ ಲೈಕ್ ಕೊಟ್ಟು, ಲೈಕ್ ಜೊತೆಯಲ್ಲೇ ಈ ಮಾತು ಕಳಿಸಬಹುದು, ಮ್ಯಾಚ್ ಆಗುವ ಮೊದಲೇ. ಬಂಬಲ್‌ನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಹುಡುಗಿಯೇ 24 ಗಂಟೆಯೊಳಗೆ ಮಾತು ಶುರು ಮಾಡಬೇಕು, ಇಲ್ಲವೇ 2024 ರಿಂದ ಬಂದಿರುವ ಹಾಗೆ ಮೊದಲೇ ಒಂದು ಪ್ರಶ್ನೆ ಇಟ್ಟಿರಬಹುದು. ಆಗ ನಿಮ್ಮ ಪ್ರೊಫೈಲಿನಲ್ಲೇ ಕೊಕ್ಕೆ ಇರಬೇಕು. ‘ಟ್ರೆಕ್ಕಿಂಗ್ ಇಷ್ಟ’ ಅಳಿಸಿ ‘ಮೊರೇರ ಗುಡ್ಡದಲ್ಲಿ ನಗಾರಿ ಕಲ್ಲು ಸಿಗದೆ ಎರಡು ಸಲ ವಾಪಸ್ ಬಂದವನು’ ಅಂತ ಹಾಕಿ. ಕೇಳುವವರು ಕೇಳುತ್ತಾರೆ.

ಒಂದು ಎಚ್ಚರಿಕೆ. ಮಾತು ಚೆನ್ನಾಗಿ ಸಾಗಿದರೆ ‘ಬನ್ನಿ, ಈ ಭಾನುವಾರ ಇಬ್ಬರೂ ಹೋಗಿ ನಗಾರಿ ಕಲ್ಲು ಹುಡುಕೋಣ’ ಅನ್ನುವ ಆಸೆ ಬಂದೇ ಬರುತ್ತದೆ. ಮೊದಲ ಭೇಟಿಗೆ ಆ ಗುಡ್ಡ ಬೇಡ. ಮೇಲೆ ಜನ ಇರುವುದಿಲ್ಲ, ಫೋನ್ ಸಿಗುತ್ತೆ ಅನ್ನುವ ಖಾತ್ರಿಯೂ ಇಲ್ಲ. ಹುಡುಗಿಗೆ ಅದು ಆಹ್ವಾನದ ಹಾಗೆ ಕೇಳಿಸುವುದಿಲ್ಲ. ಒಗ್ಗರಣಿ ಮಿರ್ಚಿ ಸಿಗುವ ಯಾವುದಾದರೂ ಹೋಟೆಲ್ ಸಾಕು. ಅದು ಕೊಪ್ಪಳದಲ್ಲಾ, ಗಂಗಾವತಿಯಲ್ಲಾ, ಪರಿಚಯದವರು ಕಾಣದ ಹೊಸಪೇಟೆಯಲ್ಲಾ ಅನ್ನೋದನ್ನು ಅವರೇ ಹೇಳಲಿ.

ಭಾಷೆಯ ಪ್ರಶ್ನೆ ಉಳಿಯಿತು. ಅವರ ಪ್ರೊಫೈಲ್ ಹೇಗಿದೆಯೋ ಹಾಗೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದರೆ ನೀವೂ ಹಾಗೇ ಬರೆಯಿರಿ. ಪೂರ್ತಿ ಇಂಗ್ಲಿಷ್ ಇದ್ದರೂ ಈ ಮೆಸೇಜ್ ಕನ್ನಡದಲ್ಲೇ ಇರಲಿ ಅಂತ ನನಗೆ ಅನಿಸುತ್ತೆ. ‘ಮೊರೇರ ಗುಡ್ಡ’, ‘ಕಿಂಡಿ ಕಲ್ಲು’ ಅನ್ನುವ ಮಾತಿಗೆ ಇಂಗ್ಲಿಷ್‌ನಲ್ಲಿ ಆ ರುಚಿ ಇಲ್ಲ. ಅವರು ಇಂಗ್ಲಿಷ್‌ನಲ್ಲಿ ಉತ್ತರಿಸಿದರೆ ನೀವೂ ಬದಲಾಯಿಸಿ. ಕಳಿಸುವ ಮುನ್ನ ಆ ಮೂರನೇ ಫೋಟೋ ಇನ್ನೊಂದು ಸಲ ನೋಡಿ. ಕಿಂಡಿಯ ಹಿಂದೆ ಕೆರೆಯ ಅಂಚು ಕಾಣುತ್ತೆ ಅಂತ ಬರೆದಿದ್ದೀರಲ್ಲ. ಕಂಡರೆ ‘ಮೊರೇರ ಗುಡ್ಡದ್ದಲ್ವಾ’ ಬದಲು ‘ಕೆರೆ ಹತ್ತಿರದ್ದಲ್ವಾ’ ಅನ್ನಿ. ಅಲ್ಲಿಗೆ ಹೋದವರಿಗೆ ಮಾತ್ರ ಅದು ಅರ್ಥ ಆಗುತ್ತೆ.